ಹಾಲಿನ ಬಿಸಿಯೂ ಹಣ್ಣಿನ ರಸದ ಬಿಸಿಯೂ

ಇಂದು ನಮ್ಮ ಮನೆಗಳಿಗೆ ಬರುವ ಹಾಲಿನ ಪ್ಯಾಕೆಟ್ಟುಗಳ ಮೇಲೆ ‘ಪಾಶ್ಚರೀಕರಿಸಿದ ಹಾಲು’ ಎಂಬ ಮಾತು ಅಚ್ಚಾಗಿರುತ್ತದೆ. ಅದನ್ನು ಓದಿದವರಲ್ಲಿ ಎರಡು ಬಗೆಯ ಅಭಿಪ್ರಾಯಗಳುಂಟು. ಕೆಲವರು ಆ ಹಾಲಿನಲ್ಲಿ ಒಂದು ಕ್ರಿಮಿಯೂ ಉಳಿದಿರುವುದಿಲ್ಲವೆಂದು ನಂಬಿ, ಪ್ಯಾಕೆಟ್ಟನ್ನು ಮಧ್ಯಾಹ್ನದವರೆಗೂ ಅಡಿಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟಿರುತ್ತಾರೆ. ಮತ್ತೆ ಕೆಲವರು ಅದು ಬರಿಯ ಹೆಸರೆಂದೂ, ಹಾಲು ಹಸಿಯಾಗಿಯೇ ಇದೆಯೆಂದೂ ತಿಳಿಯುತ್ತಾರೆ. ಇವೆರಡೂ ಸರಿಯಲ್ಲ. ಪಾಶ್ಚರೀಕರಣವೆಂಬುದು ಸೂಕ್ಷ್ಮಜೀವಿಗಳೊಡನೆ ಮಾಡಿಕೊಂಡ ಒಂದು ಲೆಕ್ಕಾಚಾರ. ಎಷ್ಟು ಬಿಸಿ, ಎಷ್ಟು ಹೊತ್ತು, ಯಾವ ಜೀವಿ, ಎಷ್ಟು ಹುಳಿ ಎಂಬ ನಾಲ್ಕು ಸಂಗತಿಗಳ ಮೇಲೆ ಆ ಲೆಕ್ಕ ನಿಂತಿದೆ. ಅದನ್ನು ಬಿಡಿಸಿ ನೋಡಿದರೆ, ಹಾಲು ಏಕೆ ಎರಡು ದಿನ ತಾಳುತ್ತದೆ, ನಿಂಬೆಯ ಷರಬತ್ತು ಏಕೆ ತಿಂಗಳುಗಟ್ಟಲೆ ತಾಳುತ್ತದೆ, ಎಳನೀರು ಏಕೆ ಇವೆರಡಕ್ಕೂ ಸೇರದೆ ಹಟ ಮಾಡುತ್ತದೆ ಎಂಬುದು ತಾನಾಗಿಯೇ ತಿಳಿದುಬರುತ್ತದೆ.

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿನ ನೆರೆಯಲ್ಲಿ ಕೆಂಕೆರೆ ಎಂಬ ಊರಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಸೀಮೆ ತೆಂಗಿನ ಸೀಮೆ. ತೋಟವಿದ್ದವರ ಮನೆಯಲ್ಲಿ ಒಂದೆರಡು ಕರೆಯುವ ಹಸುಗಳು ಇರುವುದೂ ಸಾಮಾನ್ಯ. ಕಾಯಿ ಬಿದ್ದು ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗುವುದಕ್ಕೆ ತಿಂಗಳುಗಳು ಹಿಡಿಯುತ್ತವೆ. ಹಾಲಾದರೋ ದಿನಕ್ಕೆ ಎರಡು ಸಲ ಕೈಗೆ ಬರುತ್ತದೆ, ಬಂದ ಗಳಿಗೆಯಿಂದಲೇ ಕೆಡುವುದಕ್ಕೆ ತೊಡಗುತ್ತದೆ. ಅಟ್ಟದ ಮೇಲಿನ ಕೊಬ್ಬರಿ ವರ್ಷದವರೆಗೂ ಕಾಯುತ್ತದೆ. ಹಾಲು ಒಂದು ಮಧ್ಯಾಹ್ನವನ್ನೂ ಕಾಯುವುದಿಲ್ಲ.

ಕೆಡುವ ಬಗೆ ಹೇಗೆಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇವೆ. ಸ್ವಚ್ಛವಾಗಿ ಕರೆದ ಹಾಲಿನ ಒಂದು ಮಿಲಿಲೀಟರಿನಲ್ಲಿ 5,000 ಸೂಕ್ಷ್ಮಜೀವಿಗಳಿವೆಯೆಂದು ಇಟ್ಟುಕೊಳ್ಳೋಣ. ಬೇಸಿಗೆಯ ಶಾಖದಲ್ಲಿ ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ, ನಾಲ್ಕು ಗಂಟೆಗಳಲ್ಲಿ ಎಂಟು ಸಲ ಇಮ್ಮಡಿಯಾಗಿ 12,80,000 ಆಗುತ್ತವೆ. ಇವುಗಳಲ್ಲಿ ಬಹುಪಾಲು ಹಾಲಿನ ಸಕ್ಕರೆಯನ್ನು ತಿಂದು ಹುಳಿಯನ್ನು ಹೊರಗೆಡಹುವ ಜೀವಿಗಳು. ಹುಳಿ ಒಂದು ಮಟ್ಟವನ್ನು ಮುಟ್ಟಿದಾಗ ಹಾಲು ಕಾಯಿಸಿದ ಕೂಡಲೇ ಒಡೆಯುತ್ತದೆ. ಆದಕಾರಣ ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಹಾಲನ್ನು ಅಳೆದು, ಜಿಡ್ಡು ಮೊದಲಾದುವನ್ನು ಪರೀಕ್ಷಿಸಿದ ತರುವಾಯ, ಶೀತಲ ತೊಟ್ಟಿಗೆ ಸುರಿದು 4 ಡಿಗ್ರಿಗೆ ಇಳಿಸುತ್ತಾರೆ. (ಈ ಲೇಖನದ ಡಿಗ್ರಿಗಳೆಲ್ಲವೂ ಸೆಂಟಿಗ್ರೇಡ್ ಮಾಪಕದವು.) ತಂಪು ಜೀವಿಗಳನ್ನು ಕೊಲ್ಲುವುದಿಲ್ಲ, ಅವುಗಳ ಹೆಚ್ಚಳವನ್ನು ತಡೆಯುತ್ತದೆ, ಅಷ್ಟೆ. ಅಲ್ಲಿಂದ ಟ್ಯಾಂಕರು ಲಾರಿಗಳಲ್ಲಿ ಜಿಲ್ಲೆಯ ಹಾಲು ಒಕ್ಕೂಟದ ಡೇರಿಗೆ, ಎಂದರೆ ತುಮಕೂರಿನ ಬಳಿಯ ಮಲ್ಲಸಂದ್ರಕ್ಕೆ, ಹಾಲು ಪ್ರಯಾಣ ಮಾಡುತ್ತದೆ. ಡೇರಿಗಳಲ್ಲಿ ಹಾಲನ್ನು ಒಳಕ್ಕೆ ಬಿಟ್ಟುಕೊಳ್ಳುವ ಮುನ್ನ, ಅದರ ಸ್ವಲ್ಪ ಭಾಗವನ್ನು ಗಾಜಿನ ನಳಿಗೆಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಐದು ನಿಮಿಷ ಇಟ್ಟು, ಒಡೆಯುವುದೇ ಎಂದು ನೋಡುತ್ತಾರೆ. ನಮ್ಮ ಗೃಹಿಣಿಯರು ಒಲೆಯ ಮೇಲೆ ಮಾಡುವ ಪರೀಕ್ಷೆಯೇ ಅದು.

ಹುಳಿಯಾದ ಹಾಲು ನಷ್ಟವನ್ನು ಮಾತ್ರ ತರುತ್ತದೆ. ರೋಗದ ಜೀವಿಗಳಿರುವ ಹಾಲಾದರೋ ನೋಟಕ್ಕೂ ರುಚಿಗೂ ಏನೂ ವ್ಯತ್ಯಾಸವನ್ನು ತೋರಿಸದೆ ಮನುಷ್ಯನನ್ನು ಹಿಡಿಯುತ್ತದೆ. ರೋಗವಿರುವ ಹಸುವಿನಿಂದ ಕ್ಷಯದ ಜೀವಿಯು ಹಾಲಿಗೆ ಬರಬಹುದು. ಹಸುಗಳು ತಿಂಗಳು ತುಂಬುವ ಮೊದಲೇ ಕಂದು ಹಾಕುವಂತೆ ಮಾಡುವ ಬ್ರೂಸೆಲ್ಲ ಎಂಬ ಜೀವಿಯು ಹಸಿ ಹಾಲಿನ ಮೂಲಕ ಮನುಷ್ಯರಿಗೆ ಅಂಟಿ, ಬಿಟ್ಟು ಬಿಟ್ಟು ಬರುವ ಜ್ವರವನ್ನೂ ಕೀಲುನೋವನ್ನೂ ತಿಂಗಳುಗಟ್ಟಲೆ ಉಂಟುಮಾಡುತ್ತದೆ. ಕರೆಯುವವರ ಕೈಯಿಂದಲೂ ಬೆರೆಸಿದ ನೀರಿನಿಂದಲೂ ವಿಷಮಶೀತ ಜ್ವರದ ಜೀವಿಯು ಸೇರಬಹುದು. ಆದುದರಿಂದ ಪಾಶ್ಚರೀಕರಣಕ್ಕೆ ಎರಡು ಗುರಿಗಳುಂಟು: ರೋಗದ ಜೀವಿಗಳನ್ನು ನಿರ್ಮೂಲ ಮಾಡುವುದು ಮೊದಲನೆಯದು, ಕೆಡಿಸುವ ಜೀವಿಗಳನ್ನು ಸಾಧ್ಯವಾದಷ್ಟು ತಗ್ಗಿಸುವುದು ಎರಡನೆಯದು.

ಈ ವಿಧಾನಕ್ಕೆ ಹೆಸರನ್ನು ಕೊಟ್ಟ ಲೂಯಿ ಪಾಸ್ತರನು ಹಾಲನ್ನು ಕುರಿತು ಇದನ್ನು ಕಂಡುಹಿಡಿಯಲಿಲ್ಲ. 1860ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಾರಸವು ಪೀಪಾಯಿಗಳಲ್ಲಿ ಹುಳಿತು ಹಾಳಾಗುತ್ತಿದ್ದುದರ ಕಾರಣವನ್ನು ಹುಡುಕುತ್ತ, ಅದನ್ನು ಕುದಿಯುವ ಮಟ್ಟಕ್ಕಿಂತ ಎಷ್ಟೋ ಕೆಳಗೆ ಬಿಸಿಮಾಡಿದರೂ ಕೆಡಿಸುವ ಜೀವಿಗಳು ಸಾಯುತ್ತವೆಂದೂ, ರುಚಿಯು ಉಳಿಯುತ್ತದೆಂದೂ ಆತನು ತೋರಿಸಿಕೊಟ್ಟನು. ಶಿಶುಗಳ ಹಾಲಿಗೆ ಇದನ್ನು ಬಳಸಬೇಕೆಂದು 1886ರಲ್ಲಿ ಸೂಚಿಸಿದವನು ಜರ್ಮನಿಯ ಸಾಕ್ಸ್‌ಲೆಟ್ ಎಂಬ ರಸಾಯನಶಾಸ್ತ್ರಜ್ಞನು. ಹೀಗೆ ಮೊದಲು ಹಣ್ಣಿನ ರಸ, ಆಮೇಲೆ ಹಾಲು. ನಾವು ಮಾತ್ರ ಇಲ್ಲಿ ಹಾಲನ್ನು ಮೊದಲು ಮುಗಿಸಿ ರಸಗಳಿಗೆ ಬರುತ್ತೇವೆ.

ಕುದಿಸದೆಯೇ ಜೀವಿಗಳು ಸಾಯುವುದು ಹೇಗೆ? ಬಿಸಿಯಲ್ಲಿ ಜೀವಿಗಳೆಲ್ಲವೂ ಒಂದೇ ಗಳಿಗೆಯಲ್ಲಿ ಸಾಯುವುದಿಲ್ಲ. ಒಂದು ಕ್ರಮದಲ್ಲಿ ಸಾಯುತ್ತವೆ. ನಿರ್ದಿಷ್ಟವಾದ ಬಿಸಿಯಲ್ಲಿ, ನಿರ್ದಿಷ್ಟವಾದ ಕಾಲದೊಳಗೆ, ಹತ್ತರಲ್ಲಿ ಒಂಬತ್ತು ಸಾಯುತ್ತವೆ. ಅಷ್ಟೇ ಕಾಲ ಮತ್ತೊಮ್ಮೆ ಕಳೆದರೆ, ಉಳಿದುದರಲ್ಲಿ ಹತ್ತಕ್ಕೆ ಒಂಬತ್ತು ಸಾಯುತ್ತವೆ. ಲೆಕ್ಕಕ್ಕಾಗಿ, 72 ಡಿಗ್ರಿಯಲ್ಲಿ ಒಂದು ಜೀವಿಯ ವಿಷಯದಲ್ಲಿ ಈ ಕಾಲ 3 ಸೆಕೆಂಡುಗಳೆಂದು ಇಟ್ಟುಕೊಳ್ಳೋಣ. ಒಂದು ಲೀಟರಿನಲ್ಲಿ ಒಂದು ಲಕ್ಷ ಜೀವಿಗಳಿದ್ದರೆ, 3 ಸೆಕೆಂಡಿಗೆ ಹತ್ತು ಸಾವಿರ, 6ಕ್ಕೆ ಸಾವಿರ, 9ಕ್ಕೆ ನೂರು, 12ಕ್ಕೆ ಹತ್ತು, 15ಕ್ಕೆ ಒಂದು ಉಳಿಯುತ್ತದೆ. ಅದೇ ಲೀಟರಿನಲ್ಲಿ ಮೊದಲಿಗೆ ನೂರು ಮಾತ್ರವಿದ್ದಿದ್ದರೆ, ಸಾವಿರ ಲೀಟರು ಹಾಲಿಗೆ ಒಂದು ಉಳಿಯುತ್ತಿತ್ತು. ಈ ಲೆಕ್ಕದಲ್ಲಿ ಸೊನ್ನೆಯೆಂಬುದು ಎಂದಿಗೂ ಬರುವುದಿಲ್ಲ. ಬರುವುದು ಪ್ರಮಾಣ ಮಾತ್ರ. ಕೊಟ್ಟಿಗೆಯಲ್ಲಿ ಕೆಚ್ಚಲನ್ನು ತೊಳೆದು ಕರೆಯುವುದಕ್ಕೂ ಡೇರಿಯ ಯಂತ್ರಕ್ಕೂ ಇರುವ ಸಂಬಂಧ ಇದೇ. ಕೊಳಕು ಹಾಲನ್ನು ಯಂತ್ರವು ಶುದ್ಧ ಹಾಲನ್ನಾಗಿ ಮಾಡಿಕೊಡಲಾರದು.

ಬಿಸಿಯೂ ಕಾಲವೂ ಒಂದಕ್ಕೊಂದು ಬದಲಾಗಿ ಬರುತ್ತವೆ. ಹಾಲಿನ ಪಾಶ್ಚರೀಕರಣಕ್ಕೆ ಎರಡು ಕ್ರಮಗಳು ಪ್ರಸಿದ್ಧವಾಗಿವೆ. ದೊಡ್ಡ ತೊಟ್ಟಿಯಲ್ಲಿ ಹಾಲನ್ನು ಕಲಕುತ್ತ 63 ಡಿಗ್ರಿಯಲ್ಲಿ 30 ನಿಮಿಷ ಇಡುವುದು ಹಳೆಯ ಕ್ರಮ. ಹರಿಯುವ ಹಾಲನ್ನು 72 ಡಿಗ್ರಿಗೆ ಏರಿಸಿ 15 ಸೆಕೆಂಡು ಇಡುವುದು ಈಗ ದೊಡ್ಡ ಡೇರಿಗಳಲ್ಲಿ ನಡೆಯುವ ಕ್ರಮ. ಬಿಸಿ 9 ಡಿಗ್ರಿ ಹೆಚ್ಚಾದುದರಿಂದ 1,800 ಸೆಕೆಂಡುಗಳ ಕೆಲಸವು 15 ಸೆಕೆಂಡಿಗೆ ಇಳಿಯಿತು. ಎಂದರೆ ನೂರಿಪ್ಪತ್ತನೆಯ ಒಂದು ಭಾಗ. ಲೆಕ್ಕ ಹಾಕಿದರೆ, ಸುಮಾರು ನಾಲ್ಕೂಕಾಲು ಡಿಗ್ರಿ ಏರಿದಾಗಲೆಲ್ಲ ಬೇಕಾದ ಕಾಲವು ಹತ್ತನೆಯ ಒಂದು ಪಾಲಾಗುತ್ತದೆ. ಇದನ್ನೇ ತಿರುಗಿಸಿ ನೋಡಿದರೆ ಅಪಾಯವು ಕಾಣುತ್ತದೆ. ಬಿಸಿಯು 72ರಿಂದ 68ಕ್ಕೆ ಇಳಿದರೆ 15 ಸೆಕೆಂಡಿನ ಕೆಲಸಕ್ಕೆ ಎರಡು ನಿಮಿಷಕ್ಕೂ ಮೀರಿ ಬೇಕು. ಕೈಯಿಂದ ಮುಟ್ಟಿ ನೋಡುವವನಿಗೆ ಈ 4 ಡಿಗ್ರಿಗಳ ಭೇದ ತಿಳಿಯುವುದೇ ಇಲ್ಲ.

ಹೀಗಿರುವುದರಿಂದ ಯಂತ್ರದ ರಚನೆಯೆಲ್ಲವೂ ಆ 15 ಸೆಕೆಂಡುಗಳನ್ನು ಕಾಯುವುದಕ್ಕಾಗಿಯೇ ಇದೆ. ತೆಳುವಾದ ಉಕ್ಕಿನ ತಗಡುಗಳನ್ನು ಪುಸ್ತಕದ ಹಾಳೆಗಳಂತೆ ಜೋಡಿಸಿ, ಒಂದು ಸಂದಿನಲ್ಲಿ ಹಾಲೂ ಮಗ್ಗುಲ ಸಂದಿನಲ್ಲಿ ಬಿಸಿನೀರೂ ಹರಿಯುವಂತೆ ಮಾಡಿರುತ್ತಾರೆ. 72 ಡಿಗ್ರಿಗೆ ಏರಿದ ಹಾಲು ಅಲ್ಲಿಂದ ಹಿಡುವಳಿ ಕೊಳವೆಯೆಂಬ ಸುತ್ತುಸುತ್ತಾದ ಕೊಳವೆಯನ್ನು ಸೇರುತ್ತದೆ. ಗಂಟೆಗೆ 10,000 ಲೀಟರು ಹರಿಯುವ ಯಂತ್ರವನ್ನು ಉದಾಹರಣೆಗೆ ತೆಗೆದುಕೊಂಡರೆ, 15 ಸೆಕೆಂಡಿನಲ್ಲಿ ಹರಿಯುವ ಹಾಲು ಸುಮಾರು 42 ಲೀಟರು. ಕೊಳವೆಯು ಕನಿಷ್ಠ ಅಷ್ಟನ್ನು ಹಿಡಿಯಬೇಕು. ಕೊಳವೆಯ ನಡುವೆ ಹಾಲು ಬೇಗನೆಯೂ ಅಂಚಿನಲ್ಲಿ ನಿಧಾನವಾಗಿಯೂ ಹರಿಯುವುದರಿಂದ, ಎಲ್ಲಕ್ಕಿಂತ ಬೇಗ ದಾಟುವ ಹನಿಗೂ 15 ಸೆಕೆಂಡು ಸಿಕ್ಕುವಂತೆ ಉದ್ದವನ್ನು ಹೆಚ್ಚಿಸಿರುತ್ತಾರೆ. ಗಾಳಿಯ ಗುಳ್ಳೆಗಳು ನಿಂತು ಜಾಗವನ್ನು ಕಬಳಿಸದಿರಲೆಂದು ಕೊಳವೆಯನ್ನು ಹರಿವಿನ ಕಡೆಗೆ ತುಸು ಮೇಲೇರುವಂತೆ ಇಡುತ್ತಾರೆ.

ಕೊಳವೆಯ ತುದಿಯಲ್ಲಿ ಉಷ್ಣಮಾಪಕವೂ ಅದಕ್ಕೆ ಅಧೀನವಾದ ಒಂದು ಕವಾಟವೂ ಇರುತ್ತವೆ. ಬಿಸಿಯು ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದರೆ ಕವಾಟವು ತಾನಾಗಿಯೇ ಹೊರಳಿ, ಹಾಲನ್ನು ಮುಂದಕ್ಕೆ ಬಿಡದೆ ಮೊದಲಿನ ತೊಟ್ಟಿಗೇ ಹಿಂದಿರುಗಿಸುತ್ತದೆ. ಸರಿಯಾಗಿ ಬೆಂದ ಹಾಲು, ಒಳಬರುತ್ತಿರುವ ತಣ್ಣನೆಯ ಹಸಿ ಹಾಲಿನ ಮಗ್ಗುಲಲ್ಲಿ ಹಾದು, ತನ್ನ ಬಿಸಿಯ ಬಹುಭಾಗವನ್ನು ಅದಕ್ಕೆ ಕೊಟ್ಟು, ತಾನು ತಣ್ಣಗಾಗುತ್ತದೆ. ಇದರಿಂದ ಉರುವಲಿನ ಖರ್ಚು ಎಷ್ಟೋ ಉಳಿಯುತ್ತದೆ. ಆದರೆ ಹಸಿ ಹಾಲಿಗೂ ಬೆಂದ ಹಾಲಿಗೂ ನಡುವೆ ಇರುವುದು ಒಂದು ತೆಳು ತಗಡು ಮಾತ್ರ. ಅದರಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಕೇಡು. ಅದಕ್ಕಾಗಿ ಬೆಂದ ಹಾಲಿನ ಕಡೆಯ ಒತ್ತಡವನ್ನು ಯಾವಾಗಲೂ ಹೆಚ್ಚಾಗಿ ಇಟ್ಟಿರುತ್ತಾರೆ; ಸೋರಿದರೆ ಬೆಂದುದು ಹಸಿಯ ಕಡೆಗೆ ಸೋರಬೇಕೇ ಹೊರತು ಹಸಿಯು ಬೆಂದುದರ ಕಡೆಗಲ್ಲ. ಕಡೆಗೆ ಹಾಲನ್ನು 4 ಡಿಗ್ರಿಗೆ ಇಳಿಸಿ ಪ್ಯಾಕೆಟ್ಟುಗಳಿಗೆ ತುಂಬುತ್ತಾರೆ.

ಇಷ್ಟೆಲ್ಲ ನಡೆದಿದೆಯೆಂಬುದಕ್ಕೆ ಸಾಕ್ಷಿಯೇನು? ಜೀವಿಗಳನ್ನು ಬೆಳಸಿ ಎಣಿಸುವುದಕ್ಕೆ ದಿನಗಳು ಹಿಡಿಯುತ್ತವೆ. ಅಷ್ಟರಲ್ಲಿ ಹಾಲು ಕುಡಿದು ಮುಗಿದಿರುತ್ತದೆ. ಇಲ್ಲಿ ಪ್ರಕೃತಿಯೇ ಒಂದು ಉಪಕಾರವನ್ನು ಮಾಡಿದೆ. ಹಸಿ ಹಾಲಿನಲ್ಲಿ ಫಾಸ್ಫಟೇಸ್ ಎಂಬ ಒಂದು ಕಿಣ್ವವಿದೆ. ಕ್ಷಯದ ಜೀವಿ ಸಾಯುವುದಕ್ಕೆ ಎಷ್ಟು ಬಿಸಿ ಬೇಕೋ ಅದಕ್ಕಿಂತ ತುಸು ಹೆಚ್ಚು ಬಿಸಿ ಈ ಕಿಣ್ವವು ಅಳಿಯುವುದಕ್ಕೆ ಬೇಕು. ಆದುದರಿಂದ ಕಿಣ್ವವು ಅಳಿದಿದ್ದರೆ ಕ್ಷಯದ ಜೀವಿಯೂ ಅಳಿದಿದೆಯೆಂದೇ ಅರ್ಥ. 1930ರ ದಶಕದಲ್ಲಿ ಇಂಗ್ಲೆಂಡಿನ ಕೇ ಮತ್ತು ಗ್ರಹಾಂ ಎಂಬವರು ಈ ಪರೀಕ್ಷೆಯನ್ನು ರೂಪಿಸಿದರು. ಇಂದು ಹಾಲಿಗೆ ಒಂದು ದ್ರವವನ್ನು ಬೆರೆಸಿ 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಹಳದಿ ಬಣ್ಣ ಬಂದರೆ ಕಿಣ್ವವು ಉಳಿದಿದೆಯೆಂದು ತಿಳಿಯುತ್ತಾರೆ. ಸಾವಿರ ಭಾಗ ಬೆಂದ ಹಾಲಿಗೆ ಒಂದೆರಡು ಭಾಗ ಹಸಿ ಹಾಲು ಸೇರಿದ್ದರೂ ಬಣ್ಣವು ಅದನ್ನು ಹೇಳಿಬಿಡುತ್ತದೆ.

ಈಗ ಉಳಿದವುಗಳ ವಿಷಯ. 72 ಡಿಗ್ರಿಯ ಬಿಸಿಗೆ ಸಾಯದ ಜೀವಿಗಳೂ ಇವೆ. ಮಣ್ಣು, ಸಗಣಿ, ಮೇವುಗಳಿಂದ ಬರುವ ಬ್ಯಾಸಿಲಸ್ ಎಂಬ ಜಾತಿಯವು ಕಷ್ಟಕಾಲದಲ್ಲಿ ಗಟ್ಟಿಯಾದ ಹೊದಿಕೆಯ ಬೀಜಕಗಳಾಗಿ ಅಡಗಿಕೊಳ್ಳುತ್ತವೆ. ಈ ಬೀಜಕಗಳು ಕುದಿಯುವ ಹಾಲನ್ನೂ ತಾಳಿಕೊಂಡು, ಬಿಸಿ ಇಳಿದ ಮೇಲೆ ಮೊಳೆತು ಬೆಳೆಯುತ್ತವೆ. ಕೆಲವು ಸಲ ಮನೆಯಲ್ಲಿ ಹಾಲು ಕಾಯಿಸುವಾಗ ಒಡೆಯುತ್ತದೆ, ಆದರೆ ಹುಳಿಯ ವಾಸನೆಯಾಗಲಿ ರುಚಿಯಾಗಲಿ ಇರುವುದಿಲ್ಲ. ಅದು ಸಾಮಾನ್ಯವಾಗಿ ಈ ಬೀಜಕಗಳ ಕೆಲಸ. ಹಾಲು ಹುಳಿಯಾಗಿಯೇ ಒಡೆದರೆ, ಬೆಂದ ಮೇಲೆ ತುಂಬುವಾಗಲೋ ಒಡೆದ ಪ್ಯಾಕೆಟ್ಟಿನಿಂದಲೋ ಹೊಸ ಜೀವಿಗಳು ಸೇರಿವೆಯೆಂದೋ, ಅಥವಾ ಅಂಗಡಿಯ ಮುಂದೆ ಬಿಸಿಲಿನಲ್ಲಿ ಹೊತ್ತು ಕಳೆದಿದೆಯೆಂದೋ ಊಹಿಸಬಹುದು. ಕಹಿಯಾದರೆ ಕಾರಣ ಇನ್ನೂ ಹಿಂದಿನದಾಗಿರಬಹುದು. ತಂಪಿನಲ್ಲಿಯೂ ಬೆಳೆಯಬಲ್ಲ ಕೆಲವು ಜೀವಿಗಳು ಹಸಿ ಹಾಲಿನಲ್ಲಿರುವಾಗಲೇ ಕಿಣ್ವಗಳನ್ನು ಸುರಿಸಿರುತ್ತವೆ. ಬಿಸಿಗೆ ಜೀವಿಗಳು ಸತ್ತರೂ ಅವು ಬಿಟ್ಟುಹೋದ ಕಿಣ್ವಗಳು ಉಳಿದು, ಹಾಲಿನ ಸಸಾರಜನಕವನ್ನು ಕತ್ತರಿಸುತ್ತಿರುತ್ತವೆ. ಬೀಜಕಗಳನ್ನೂ ತೀರಿಸಬೇಕಾದರೆ 135 ಡಿಗ್ರಿಗೂ ಮೇಲೆ ಕೆಲವು ಸೆಕೆಂಡು ಕಾಯಿಸಿ, ಕ್ರಿಮಿರಹಿತವಾದ ಡಬ್ಬಿ ಅಥವಾ ಚೀಲಗಳಲ್ಲಿ ತುಂಬಬೇಕು. ನಂದಿನಿಯ ‘ಗುಡ್‌ಲೈಫ್’ ಎಂಬ ಹಾಲು ಈ ಬಗೆಯದು. ಒಡೆಯುವವರೆಗೆ ಅದಕ್ಕೆ ತಂಪು ಬೇಡ. ಮಾಮೂಲು ಪ್ಯಾಕೆಟ್ಟಿಗೆ ತಂಪು ಬೇಕೇಬೇಕು.

ಇನ್ನು ಹಣ್ಣಿನ ರಸಗಳು. ಹಾಲಿನಲ್ಲಿ ಉಳಿದು ತೊಂದರೆ ಕೊಡುವ ಬೀಜಕಗಳು ನಿಂಬೆ, ಕಿತ್ತಳೆ, ದ್ರಾಕ್ಷಿಗಳ ರಸದಲ್ಲಿಯೂ ಇರಬಹುದು. ಆದರೆ ಅಲ್ಲಿನ ಹುಳಿಯಲ್ಲಿ ಅವುಗಳಲ್ಲಿ ಬಹುತೇಕ ಮೊಳೆಯಲಾರವು. ಹುಳಿಯನ್ನು ಅಳೆಯುವ ಪಿ.ಎಚ್. ಎಂಬ ಮಾಪಕವುಂಟು, ಅದರಲ್ಲಿ ಅಂಕಿ ಇಳಿದಷ್ಟೂ ಹುಳಿ ಹೆಚ್ಚು. 4.6 ಎಂಬುದು ಗಡಿರೇಖೆ. ನಿಂಬೆಯ ರಸ ಎರಡೂವರೆಯ ಆಸುಪಾಸಿನಲ್ಲಿದೆ. ಹಾಲು ಆರೂವರೆಗೂ ಮೇಲೆ. ಗಡಿಯ ಕೆಳಗಿನ ರಸಗಳನ್ನು ಕೆಡಿಸುವವು ಮುಖ್ಯವಾಗಿ ಹುದುಗು ಜೀವಿಗಳು ಮತ್ತು ಬೂಷ್ಟು. ಇವು ಬಿಸಿಗೆ ಬೇಗ ಸೋಲುತ್ತವೆ. ಆದಕಾರಣ ರಸವನ್ನು 85 ಡಿಗ್ರಿಯ ಮೇಲೆ ಕಾಯಿಸಿ, ಬಿಸಿಯಿರುವಾಗಲೇ ತೊಳೆದು ಕಾಯಿಸಿದ ಸೀಸೆಗಳಿಗೆ ತುಂಬಿ, ಮುಚ್ಚಳ ಬಿಗಿದು, ಮುಚ್ಚಳದ ಒಳಭಾಗಕ್ಕೂ ಬಿಸಿ ತಗಲುವಂತೆ ಕೆಲವು ನಿಮಿಷ ಮಲಗಿಸಿಟ್ಟರೆ, ತಂಪುಪೆಟ್ಟಿಗೆಯಿಲ್ಲದೆಯೂ ಅದು ತಿಂಗಳುಗಟ್ಟಲೆ ಉಳಿಯುತ್ತದೆ.

ಹುಳಿಯಿದೆಯೆಂದು ರೋಗದ ಭಯವೇ ಇಲ್ಲವೆಂದು ತಿಳಿಯಬಾರದು. 1996ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಪಾಶ್ಚರೀಕರಿಸದ ಸೇಬಿನ ರಸವನ್ನು ಕುಡಿದು ಹಲವರು ಕಾಯಿಲೆ ಬಿದ್ದರು. ಒಂದು ಮಗು ತೀರಿಹೋಯಿತು. ದನಗಳ ಸಗಣಿಯಿಂದ ಬಂದ ಇ. ಕೋಲೈ ಜೀವಿಯ ಒಂದು ಬಗೆಯು ಆ ಹುಳಿಯನ್ನು ತಾಳಿಕೊಂಡಿತ್ತು. ತರುವಾಯ 2001ರಲ್ಲಿ ಅಮೆರಿಕದ ಸರ್ಕಾರವು, ರಸ ತಯಾರಕರು ಅಂತಹ ಜೀವಿಯನ್ನು ಲಕ್ಷಕ್ಕೆ ಒಂದರಂತೆ ತಗ್ಗಿಸಲೇಬೇಕೆಂದು ನಿಯಮ ಮಾಡಿತು. ಮೇಲೆ ನಾವು ಹಾಕಿದ ಐದು ಹೆಜ್ಜೆಗಳ ಲೆಕ್ಕವೇ ಅದು.

ತೆಂಗಿನ ಸೀಮೆಯವರಿಗೆ ಮುಖ್ಯವಾದ ಪ್ರಶ್ನೆ ಇಲ್ಲಿ ಬರುತ್ತದೆ. ಹಾಲಿನಂತೆ ಎಳನೀರನ್ನೂ ಪಾಶ್ಚರೀಕರಿಸಿ ಸೀಸೆಯಲ್ಲಿ ಮಾರಬಾರದೇಕೆ? ಒಡೆಯದ ಎಳನೀರಿನೊಳಗೆ ಸೂಕ್ಷ್ಮಜೀವಿಗಳಿರುವುದಿಲ್ಲ. ಕತ್ತಿಯ ಬಾಯಿ, ಕೈ, ಪಾತ್ರೆಗಳಿಂದ ಅವು ಸೇರುತ್ತವೆ. ಸೇರಿದ ಮೇಲೆ ಬೆಳೆಯುವುದಕ್ಕೆ ಬೇಕಾದ ಸಕ್ಕರೆಯೂ ಲವಣಗಳೂ ಅಲ್ಲಿ ಸಿದ್ಧವಾಗಿವೆ. ಎಳನೀರಿನ ಪಿ.ಎಚ್. ಸುಮಾರು 5, ನಾಲಗೆಗೆ ಸಿಹಿಯೊಡನೆ ಕೊಂಚ ಒಗರು ತೋರಿದರೂ ಅದು 4.6ರ ಗಡಿಯನ್ನು ದಾಟಿ ಮೇಲಿದೆ. ಆದುದರಿಂದ ಅದನ್ನು 72 ಅಥವಾ 85 ಡಿಗ್ರಿಗೆ ಕಾಯಿಸಿ ಗಾಳಿಯಾಡದಂತೆ ಮುಚ್ಚಿ ಹೊರಗಿಟ್ಟರೆ, ಬೊಟುಲಿನಂ ಎಂಬ ಘೋರ ವಿಷವನ್ನು ಮಾಡುವ ಜೀವಿಯ ಬೀಜಕಗಳು ಬದುಕಿದ್ದು, ಗಾಳಿಯಿಲ್ಲದ ಆ ಸೀಸೆಯಲ್ಲಿಯೇ ಬೆಳೆಯುವ ಸಂಭವವುಂಟು. ಆ ಬೀಜಕಗಳನ್ನು ಕೊಲ್ಲಲು ಒತ್ತಡದಲ್ಲಿ 121 ಡಿಗ್ರಿಯಷ್ಟು ಬಿಸಿ ಬೇಕು. ಅಷ್ಟು ಹೊತ್ತು ಕಾದ ಎಳನೀರಿನಲ್ಲಿ ಎಳನೀರಿನ ಸೊಗಸು ಉಳಿಯುವುದಿಲ್ಲ. ಇದಲ್ಲದೆ, ಗಾಳಿ ಸೋಕಿದೊಡನೆ ಅದರ ಕಿಣ್ವಗಳು ನೀರಿಗೆ ನಸುಗೆಂಪು ಬಣ್ಣವನ್ನು ತರುತ್ತವೆ. ಅವುಗಳಲ್ಲಿ ಒಂದೆರಡು, ರೋಗದ ಜೀವಿಗಳಿಗಿಂತಲೂ ಬಿಸಿಯನ್ನು ಹೆಚ್ಚಾಗಿ ತಾಳುತ್ತವೆ. ಹೀಗಾಗಿ ಹುಳಿಯನ್ನು ಬೆರೆಸಿ ಗಡಿಯ ಕೆಳಕ್ಕೆ ಇಳಿಸಿ ಕಾಯಿಸುವುದು, ಅಥವಾ ಕಾಯಿಸಿದ ಮೇಲೂ ತಂಪಿನಲ್ಲಿಯೇ ಇಡುವುದು, ಅಥವಾ ಕ್ಷಣಕಾಲದ ಅತಿ ಬಿಸಿಯನ್ನು ಕೊಟ್ಟು ಕ್ರಿಮಿರಹಿತವಾಗಿ ತುಂಬುವುದು, ಇವೇ ದಾರಿಗಳು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯವು ಎಳನೀರನ್ನು ಕಾಪಿಟ್ಟು ತುಂಬುವ ಒಂದು ವಿಧಾನವನ್ನು ರೂಪಿಸಿಕೊಟ್ಟಿದೆ. ಮನೆಯ ಒಲೆಯ ಮೇಲೆ ಕಾಯಿಸಿ ಸೀಸೆಯಲ್ಲಿ ಮುಚ್ಚಿಡುವುದು ಮಾತ್ರ ಸರ್ವಥಾ ಕೂಡದು.

ನೀರಾ ಇನ್ನೂ ಸೂಕ್ಷ್ಮ. ತೆಂಗಿನ ಹೊಂಬಾಳೆಯಿಂದ ತೊಟ್ಟಿಕ್ಕುವ ಈ ರಸಕ್ಕೆ ಹುದುಗು ಜೀವಿಗಳು ಮಡಕೆಯಲ್ಲಿರುವಾಗಲೇ ಸೇರಿ, ಕೆಲವೇ ಗಂಟೆಗಳಲ್ಲಿ ಅದನ್ನು ಹೆಂಡವನ್ನಾಗಿ ಮಾಡಿಬಿಡುತ್ತವೆ. ಆಮೇಲೆ ಎಷ್ಟು ಕಾಯಿಸಿದರೂ ಹೋದ ಸಿಹಿ ಹಿಂದಕ್ಕೆ ಬಾರದು. ಆದುದರಿಂದಲೇ ಕಾಸರಗೋಡಿನ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾಲಯದವರು ಮರದ ಮೇಲೆಯೇ, ಮಂಜುಗಡ್ಡೆಯ ನಡುವೆ ಇಟ್ಟ ಪಾತ್ರೆಯಲ್ಲಿ ರಸವನ್ನು ಹಿಡಿಯುವ ಸಾಧನವನ್ನು ಮಾಡಿ, ಹಾಗೆ ಹಿಡಿದ ರಸಕ್ಕೆ ‘ಕಲ್ಪರಸ’ವೆಂದು ಹೆಸರಿಟ್ಟರು. ಸಂಘದಲ್ಲಿ ಹಾಲಿಗೆ ಮಾಡುವ ಉಪಚಾರವನ್ನೇ ಅವರು ಮರದ ತುದಿಗೆ ಏರಿಸಿದರು. ಬಿಸಿಗಿಂತ ಮೊದಲು ತಂಪು ಎಂಬ ನಿಯಮ ಎರಡೆಡೆಯೂ ಒಂದೇ.

ಗೃಹಸ್ಥರು ಇದರಿಂದ ತೆಗೆದುಕೊಳ್ಳತಕ್ಕದ್ದು ಇಷ್ಟು. ಕೊಟ್ಟಿಗೆಯಿಂದ ನೇರವಾಗಿ ಬಂದ ಹಾಲನ್ನು ಉಕ್ಕು ಬಂದ ಕೂಡಲೇ ಇಳಿಸದೆ, ಉರಿಯನ್ನು ತಗ್ಗಿಸಿ ಸೌಟಿನಿಂದ ಕದಡುತ್ತ ಎರಡು ಮೂರು ನಿಮಿಷ ಕುದಿಸಬೇಕು. ಮೇಲೆದ್ದ ನೊರೆಯು ಕೆಳಗಿನ ಹಾಲಿನಷ್ಟು ಬಿಸಿಯಾಗಿರುವುದಿಲ್ಲ. ಕಂದು ಹಾಕಿದ ಹಸುವಿನ ಹಾಲನ್ನು ಪಶುವೈದ್ಯರು ನೋಡುವವರೆಗೂ ಬಳಸದಿರುವುದು ಮೇಲು. ಪ್ಯಾಕೆಟ್ಟಿನ ಹಾಲು ಅಂಗಡಿಯಿಂದ ತಣ್ಣಗೆಯೇ ಬಂದಿದ್ದರೆ ಅದಕ್ಕೆ ಕುದಿತದ ಅಗತ್ಯವಿಲ್ಲ. ಬೆಚ್ಚಗಾಗಿದ್ದರೆ ಒಡನೆಯೇ ಕಾಯಿಸಬೇಕು. ಯಾವ ಹಾಲನ್ನೇ ಕಾಯಿಸಲಿ, ಆಮೇಲೆ ಪಾತ್ರೆಯನ್ನು ಮುಚ್ಚಿ, ಅಗಲವಾದ ಬೋಗುಣಿಯ ತಣ್ಣೀರಿನಲ್ಲಿಟ್ಟು ಬೇಗನೆ ಆರಿಸಬೇಕು. ಒಲೆಯ ಮಗ್ಗುಲಲ್ಲಿ ಸಂಜೆಯವರೆಗೂ ಉಗುರುಬೆಚ್ಚಗಿರುವ ಹಾಲಿನಲ್ಲಿಯೇ ಉಳಿದ ಬೀಜಕಗಳು ಮೊಳೆಯುವುದು. ಡೇರಿಯ ಯಂತ್ರವು 15 ಸೆಕೆಂಡು ಕಾಯಿಸಿ, ತಡಮಾಡದೆ 4 ಡಿಗ್ರಿಗೆ ಇಳಿಸುವುದೂ ಈ ಕಾರಣಕ್ಕಾಗಿಯೇ.